ಮೋಲ್ಡ್ ಹಾಕುವ ದಿನ ಜಾರುತ್ತಿದೆಯಾ? ಶನಿವಾರದ ಅರ್ಧ ಗಂಟೆಯ ಲೆಕ್ಕ

ಮನೆ ಕಟ್ಟಿಸುತ್ತಿರುವವರು ನನಗೆ ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ಮೇಸ್ತ್ರಿ ಎಪ್ಪತ್ತು ಪರ್ಸೆಂಟ್ ಕೆಲಸ ಆಯ್ತು ಅಂತಾರೆ. ಬ್ಯಾಂಕಿನಿಂದ ದುಡ್ಡೂ ಅಷ್ಟೇ ಹೋಗಿದೆ. ಆದರೆ ಸೈಟಿಗೆ ಹೋಗಿ ನೋಡಿದರೆ ಹಾಗೆ ಅನ್ನಿಸಲ್ಲ. ಯಾವುದನ್ನ ನಂಬೋದು?"

ಎರಡನ್ನೂ ನಂಬಬೇಡಿ. ಮೇಸ್ತ್ರಿ ಹೇಳುವುದು ಅಂದಾಜು. ಬ್ಯಾಂಕ್ ಪಾಸ್‌ಬುಕ್ ಹೇಳುವುದು ದುಡ್ಡು ಹೋಗಿದ್ದನ್ನು, ಕೆಲಸ ಆಗಿದ್ದನ್ನಲ್ಲ. ಇವೆರಡರ ನಡುವೆ ಮೂರನೆಯ ಸಂಖ್ಯೆಯೊಂದು ಬೇಕು: ಆಗಿರುವ ಕೆಲಸದ ಬೆಲೆ, ನಮ್ಮ ಮೂಲ ಎಸ್ಟಿಮೇಟ್ ಪ್ರಕಾರ ಎಷ್ಟು? ಇದನ್ನು ಇಂಗ್ಲಿಷಿನಲ್ಲಿ ಅರ್ನ್ಡ್ ವ್ಯಾಲ್ಯೂ ಅನ್ನುತ್ತಾರೆ. ಕನ್ನಡದಲ್ಲಿ 'ಗಳಿಕೆ' ಅಂದರೆ ಸಾಕು. ಅಮೆರಿಕದ ರಕ್ಷಣಾ ಇಲಾಖೆ ತನ್ನ ದೊಡ್ಡ ಗುತ್ತಿಗೆಗಳಿಗೆ 1967ರಲ್ಲಿ ಈ ಬಗೆಯ ಲೆಕ್ಕವನ್ನು ಕಡ್ಡಾಯ ಮಾಡಿತು. ಕ್ಷಿಪಣಿಗೆ ಮಾಡಿದ ಲೆಕ್ಕ ನಮ್ಮ ಮೂವತ್ತು ನಲವತ್ತು ಸೈಟಿಗೆ ಯಾಕೆ ಅಂತ ಕೇಳಬೇಡಿ. ಕೂಡುವುದು, ಭಾಗಿಸುವುದು ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ.

ಇಡೀ ಮನೆಯನ್ನು ಒಟ್ಟಿಗೆ ಹಿಡಿಯುವುದು ಬೇಡ. ಒಂದೇ ಒಂದು ಮೈಲಿಗಲ್ಲು ತೆಗೆದುಕೊಳ್ಳೋಣ: ನೆಲಮಹಡಿಯ ಮೋಲ್ಡ್, ಅಂದರೆ ಆರ್‌ಸಿಸಿ ಚಾವಣಿ. ಉದಾಹರಣೆಗೆ ಸುಮಾರು 9 ಚದರದ ಮನೆ. ಮಾಲೀಕರೇ ಸಾಮಾನು ಕೊಡಿಸಿ, ಕೂಲಿ ಮಾತ್ರ ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿದ್ದಾರೆ ಅಂದುಕೊಳ್ಳಿ. ಕೂಡಿಸುವುದು ಸುಲಭವಾಗಲಿ ಅಂತ ಮೊತ್ತಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ನಿಮ್ಮ ಊರಿನ ದರ ಬೇರೆ ಇರುತ್ತದೆ, ಅದನ್ನೇ ಹಾಕಿಕೊಳ್ಳಿ.

ಮೊದಲು ಏನೇನು ಬೇಕು

ಇಂಜಿನಿಯರ್ ಕೊಟ್ಟ ಎಸ್ಟಿಮೇಟ್, ಒಂದು ಕ್ಯಾಲೆಂಡರ್, ಸಾಮಾನಿನ ಬಿಲ್ಲುಗಳು, ಒಂದು ಟೇಪು. ಫೋನಿನಲ್ಲಿ ಎಕ್ಸೆಲ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನೋಟ್‌ಬುಕ್ ನಡೆಯುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಬೇಕು. ಶನಿವಾರ ಬಟವಾಡೆಗೆ ಮುಂಚೆ ಮಾಡುವುದು ವಾಸಿ. ದುಡ್ಡು ಕೊಟ್ಟ ಮೇಲೆ ಲೆಕ್ಕ ಕೇಳಿದರೆ ಯಾರೂ ನಿಂತು ಮಾತಾಡುವುದಿಲ್ಲ.

1. ಮೈಲಿಗಲ್ಲು ಯಾವಾಗ ಮುಟ್ಟಿದ ಹಾಗೆ, ಬರೆದಿಡಿ

"ಮೋಲ್ಡ್ ಆಗೋದು" ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ಮೇಸ್ತ್ರಿಗೆ ಸೆಂಟ್ರಿಂಗ್ ಹಲಗೆ ಹೊಡೆದರೆ ಮುಕ್ಕಾಲು ಭಾಗ ಆದ ಹಾಗೆ. ಮನೆಯ ಹಿರಿಯರಿಗೆ ಕಾಂಕ್ರೀಟ್ ಹಾಕಿ ಸಿಹಿ ಹಂಚಿದ ದಿನ. ಇಂಜಿನಿಯರ್‌ಗೆ ಸೆಂಟ್ರಿಂಗ್ ಬಿಚ್ಚಿ ಕೆಳಗಿನಿಂದ ನೋಡಿದ ದಿನ.

ನಾವು ಇಟ್ಟುಕೊಳ್ಳುವ ವಾಕ್ಯ ಇದು: "ನೆಲಮಹಡಿ ಮೋಲ್ಡಿನ ಕೊನೆಯ ಬಾಂಡ್ಲಿ ಕಾಂಕ್ರೀಟ್ ಬಿದ್ದು, ಮೇಲ್ಮೈ ಮಟ್ಟ ಮಾಡಿದ ದಿನ." ಕ್ಯೂರಿಂಗ್, ಸೆಂಟ್ರಿಂಗ್ ಬಿಚ್ಚುವುದು ಇದರಲ್ಲಿ ಬರುವುದಿಲ್ಲ. ಬರಬೇಕು ಅಂದರೆ ಸೇರಿಸಿಕೊಳ್ಳಿ, ತಪ್ಪಿಲ್ಲ. ಆದರೆ ಈಗಲೇ ನಿರ್ಧರಿಸಿ. ಹತ್ತನೇ ವಾರದಲ್ಲಿ ಅರ್ಥ ಬದಲಾಯಿಸಿದರೆ ಲೆಕ್ಕವೆಲ್ಲ ಹಾಳು.

ಇನ್ನೊಂದು ಮಾತು. ಮೋಲ್ಡಿಗೆ ದಾರಿಯಾಗುವ ಕೆಲಸಗಳನ್ನು ಮಾತ್ರ ಪಟ್ಟಿಗೆ ತನ್ನಿ. ಸಂಪು, ಕಾಂಪೌಂಡು ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

2. ಕೆಲಸವನ್ನು ತುಂಡು ಮಾಡಿ, ಬೆಲೆ ಮತ್ತು ವಾರ ಹಾಕಿ

ತೀರಾ ಸಣ್ಣ ತುಂಡು ಬೇಡ. ಆರೇಳು ಸಾಕು. ಪ್ರತಿ ತುಂಡಿಗೆ ಸಾಮಾನು ಮತ್ತು ಕೂಲಿ ಸೇರಿಸಿ ಬಜೆಟ್ ಬರೆಯಿರಿ.

| ಕೆಲಸ | ಬಜೆಟ್ (ರೂ.) | ಯಾವ ವಾರ |
|---|---|---|
| ಪಾಯ, ಪ್ಲಿಂತ್ ಬೀಮ್‌ವರೆಗೆ | 3,60,000 | 1ರಿಂದ 5 |
| ಪ್ಲಿಂತ್ ಒಳಗೆ ಮಣ್ಣು ಭರ್ತಿ | 40,000 | 6 |
| ಕಾಲಂಗಳು | 1,00,000 | 7, 8 |
| ಗೋಡೆ, ಲಿಂಟೆಲ್ ಸೇರಿ | 2,00,000 | 9ರಿಂದ 12 |
| ಸೆಂಟ್ರಿಂಗ್ | 80,000 | 13 |
| ಕಂಬಿ ಕಟ್ಟುವುದು, ಕರೆಂಟ್ ಪೈಪು | 1,40,000 | 14 |
| ಮೋಲ್ಡ್ ಕಾಂಕ್ರೀಟ್ | 80,000 | 15 |
| ಒಟ್ಟು | 10,00,000 | |

ಬಜೆಟ್ ಅನ್ನು ಇಂಜಿನಿಯರ್ ಎಸ್ಟಿಮೇಟಿನಿಂದಲೇ ತೆಗೆದುಕೊಳ್ಳಿ. ಗುತ್ತಿಗೆದಾರರು ಕೊಡುವ ಕಂತುಗಳ ಪಟ್ಟಿಯಿಂದ ಬೇಡ. ಆ ಪಟ್ಟಿಯಲ್ಲಿ ಮೊದಲಿನ ಕಂತುಗಳು ಸಾಮಾನ್ಯವಾಗಿ ದಪ್ಪ ಇರುತ್ತವೆ, ಕೊನೆಯವು ಸಣ್ಣ. ಪಾಯ ಮುಗಿಯುವಷ್ಟರಲ್ಲೇ ಅರ್ಧ ದುಡ್ಡು ಅವರ ಕೈ ಸೇರಲಿ ಅಂತ ಮಾಡಿದ ಪಟ್ಟಿ ಅದು. ಅದನ್ನೇ ಅಳತೆಗೋಲು ಮಾಡಿಕೊಂಡರೆ ಕೆಲಸ ಯಾವಾಗಲೂ ಮುಂದೆ ಇರುವ ಹಾಗೆ ಕಾಣುತ್ತದೆ.

ವಾರ ಹಾಕುವಾಗ ಹಬ್ಬ, ಜಾತ್ರೆ ನೋಡಿಕೊಳ್ಳಿ. ಗಾರೆ ಕೆಲಸದವರು ಯುಗಾದಿಗೋ ದೀಪಾವಳಿಗೋ ಊರಿಗೆ ಹೋದರೆ ಮರುದಿನವೇ ಬರುವುದಿಲ್ಲ. ಆ ವಾರವನ್ನು ಖಾಲಿ ಬಿಡುವುದೇ ನಿಜವಾದ ಪ್ಲಾನು.

ಈಗ ವಾರವಾರ ಎಷ್ಟು ಬೆಲೆಯ ಕೆಲಸ ಆಗಬೇಕು ಅಂತ ಕೂಡಿಸುತ್ತಾ ಹೋಗಿ. 5ನೇ ವಾರದ ಕೊನೆಗೆ 3.60 ಲಕ್ಷ. 6ಕ್ಕೆ 4.00. ಕಾಲಂ ಎರಡು ವಾರದ ಕೆಲಸ, ಹಾಗಾಗಿ 7ಕ್ಕೆ 4.50, 8ಕ್ಕೆ 5.00. ಗೋಡೆ ವಾರಕ್ಕೆ ಐವತ್ತು ಸಾವಿರದಂತೆ, 9ಕ್ಕೆ 5.50, 10ಕ್ಕೆ 6.00, 12ಕ್ಕೆ 7.00. ಆಮೇಲೆ 7.80, 9.20, ಕೊನೆಗೆ 10 ಲಕ್ಷ. ಈ ಸಾಲನ್ನು ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಮೇಸ್ತ್ರಿಗೂ ಒಂದು ಪ್ರತಿ ಕೊಡಿ. ಇದಕ್ಕೆ ಬೇಸ್‌ಲೈನ್ ಅನ್ನುತ್ತಾರೆ. ಇನ್ನು ಮುಂದೆ ಇದನ್ನು ತಿದ್ದುವ ಹಾಗಿಲ್ಲ.

3. ಶೇಕಡಾ ಹೇಗೆ ಅಳೆಯೋದು, ಮೊದಲೇ ಒಪ್ಪಿಕೊಳ್ಳಿ

ಈ ಲೆಕ್ಕ ಕೆಡುವುದು ಭಾಗಾಕಾರದಲ್ಲಲ್ಲ, ಇಲ್ಲಿ. "ಗೋಡೆ ಎಷ್ಟಾಯ್ತು?" ಅಂತ ಕೇಳಿದರೆ "ಅರ್ಧ ಆಯ್ತು ಸಾರ್" ಅನ್ನುವುದು ಒಂದು ಮನಸ್ಥಿತಿ, ಅಳತೆ ಅಲ್ಲ. ಎಲ್ಲರಿಗೂ ಒಂದು ಅನುಭವ ಇರುತ್ತದೆ: ಕೆಲಸ ಬೇಗ ಬೇಗ ತೊಂಬತ್ತು ಪರ್ಸೆಂಟ್ ತಲುಪುತ್ತದೆ, ಆಮೇಲೆ ತಿಂಗಳುಗಟ್ಟಲೆ ಅಲ್ಲೇ ಕೂತಿರುತ್ತದೆ.

ಅದಕ್ಕೆ ಎರಡು ನಿಯಮ ಸಾಕು.

ಒಂದು ವಾರದಲ್ಲಿ ಮುಗಿಯುವ ತುಂಡುಗಳಿಗೆ 'ಸೊನ್ನೆ ಇಲ್ಲ ನೂರು'. ಮುಗಿಯುವ ತನಕ ಸೊನ್ನೆ, ಮುಗಿದ ದಿನ ನೂರು. ಮಣ್ಣು ಭರ್ತಿ, ಸೆಂಟ್ರಿಂಗ್, ಕಂಬಿ, ಕಾಂಕ್ರೀಟು ಇದರಲ್ಲಿ ಬರುತ್ತವೆ. 'ಮುಗಿದಿದೆ' ಅಂತ ಹೇಳಬೇಕಾದವರು ಕೆಲಸ ಮಾಡಿದವರಲ್ಲ. ಕಂಬಿ ಕಟ್ಟಿದ್ದನ್ನು ಇಂಜಿನಿಯರ್ ಬಂದು ನೋಡಿ, ಕವರ್ ಬ್ಲಾಕ್ ಇಟ್ಟಿದ್ದಾರಾ, ಅಂತರ ಸರಿ ಇದೆಯಾ ಅಂತ ಒಪ್ಪಿದ ಮೇಲೆ ನೂರು. ಕವರ್ ಬ್ಲಾಕ್ ಅಂದರೆ ಕಂಬಿ ಹಲಗೆಗೆ ತಾಗದ ಹಾಗೆ ಕೆಳಗೆ ಇಡುವ ಪುಟ್ಟ ಸಿಮೆಂಟ್ ಬಿಲ್ಲೆ. ಅಲ್ಲಿವರೆಗೆ 1.40 ಲಕ್ಷದಲ್ಲಿ ಒಂದು ಪೈಸೆಯೂ ಗಳಿಕೆ ಅಲ್ಲ.

ಉದ್ದನೆಯ ತುಂಡುಗಳಿಗೆ ಟೇಪು ಹಿಡಿದು ಎಣಿಸಬಹುದಾದ ಅಳತೆ. ಗೋಡೆಗೆ ಚದರ ಅಡಿ. ಪ್ಲಾನಿನಲ್ಲಿ ಬಾಗಿಲು ಕಿಟಕಿ ಕಳೆದು ಒಟ್ಟು 1,600 ಚದರ ಅಡಿ ಗೋಡೆ ಇದೆ ಅಂದುಕೊಳ್ಳಿ. 400 ಕಟ್ಟಿದ್ದರೆ ಶೇ 25. ಅಷ್ಟೇ, ವಾದಕ್ಕೆ ಜಾಗವಿಲ್ಲ. ಪಾಯಕ್ಕೆ ಅಳತೆ ಕಷ್ಟ, ಹಾಗಾಗಿ ಮೆಟ್ಟಿಲು ಮಾಡಿಕೊಳ್ಳಿ: ಗುಂಡಿ ಅಗೆದು ತಳದ ಕಾಂಕ್ರೀಟ್ ಹಾಕಿದರೆ ಶೇ 20, ಫುಟಿಂಗ್ ಆದರೆ ಶೇ 50, ಸೈಜುಗಲ್ಲಿನ ಕಟ್ಟಡ ಆದರೆ ಶೇ 80, ಪ್ಲಿಂತ್ ಬೀಮ್ ಆದರೆ 100. ಎರಡು ಮೆಟ್ಟಿಲ ನಡುವೆ ಇದ್ದರೆ ಕೆಳಗಿನದನ್ನೇ ಬರೆಯಿರಿ.

ಗೋಡೆಯಲ್ಲಿ ಒಂದು ಸೂಕ್ಷ್ಮ ಇದೆ. ಕೆಳಗಿನ ವರಸೆಗಳು ಬೇಗ ಏರುತ್ತವೆ. ಲಿಂಟೆಲ್ ದಾಟಿದ ಮೇಲೆ ಸಾರುವೆ ಕಟ್ಟಬೇಕು, ಬ್ಲಾಕು ಮೇಲೆ ಹೊರಬೇಕು. ಚದರ ಅಡಿ ಎರಡೂ ಕಡೆ ಒಂದೇ ಆದರೂ ದಿನ ಒಂದೇ ಅಲ್ಲ. ಹಾಗಾಗಿ ಗೋಡೆಯ ಮೊದಲ ವಾರದಲ್ಲಿ ಲೆಕ್ಕ ಚೆನ್ನಾಗಿ ಕಂಡರೆ ಜಾಸ್ತಿ ಖುಷಿ ಪಡಬೇಡಿ.

4. ಖರ್ಚನ್ನು ಪಾಸ್‌ಬುಕ್ಕಿನಿಂದ ಬಿಡಿಸಿ ತೆಗೆಯಿರಿ

ಈಗ ನಾವು 10ನೇ ವಾರದ ಶನಿವಾರದಲ್ಲಿ ನಿಂತಿದ್ದೇವೆ. ಪಾಸ್‌ಬುಕ್ ಪ್ರಕಾರ ಈವರೆಗೆ ಹೋಗಿರುವುದು 7,20,000 ರೂಪಾಯಿ. ಹತ್ತು ಲಕ್ಷದಲ್ಲಿ ಶೇ 72! ಮೇಸ್ತ್ರಿ ಹೇಳಿದ ಎಪ್ಪತ್ತಕ್ಕೂ ಸರಿಹೊಂದುತ್ತದೆ, ಅಲ್ವಾ? ಜನ ಮೋಸ ಹೋಗುವುದು ಈ ಹೊಂದಾಣಿಕೆಯಲ್ಲೇ.

ನಮಗೆ ಬೇಕಾಗಿರುವುದು ಆಗಿರುವ ಕೆಲಸಕ್ಕೆ ತಗುಲಿದ ಖರ್ಚು. ಅದಕ್ಕೆ ಮೂರು ತಿದ್ದುಪಡಿ ಮಾಡಬೇಕು.

ಮೋಲ್ಡಿಗೆ ಅಂತ ಮೊದಲೇ ತಂದು ಸೈಟಿನಲ್ಲಿ ಟಾರ್ಪಾಲ್ ಹೊದಿಸಿಟ್ಟ ಕಂಬಿ 90,000 ರೂಪಾಯಿಯದು. ಅದು ಇನ್ನೂ ಕೆಲಸಕ್ಕೆ ಬಿದ್ದಿಲ್ಲ. ಕಳೆಯಿರಿ. ಸೆಂಟ್ರಿಂಗ್‌ನವರಿಗೆ ಕೊಟ್ಟ ಅಡ್ವಾನ್ಸ್ 45,000. ಅವರು ಇನ್ನೂ ಒಂದು ಹಲಗೆ ತಂದಿಲ್ಲ. ಕಳೆಯಿರಿ. ಬ್ಲಾಕ್ ಅಂಗಡಿಯವರಿಗೆ 20,000 ಸಾಲ ಉಳಿದಿದೆ, ಆ ಬ್ಲಾಕು ಆಗಲೇ ಗೋಡೆಯಲ್ಲಿ ಕೂತಿದೆ. ಅದನ್ನು ಕೂಡಿಸಿ.

7,20,000ರಿಂದ 90,000 ಮತ್ತು 45,000 ಕಳೆದು, 20,000 ಕೂಡಿಸಿದರೆ 6,05,000. ಇದು ನಿಜವಾದ ಖರ್ಚು. ಪುಸ್ತಕಗಳಲ್ಲಿ ಇದಕ್ಕೆ ಆಕ್ಚುವಲ್ ಕಾಸ್ಟ್, ಚಿಕ್ಕದಾಗಿ ಎಸಿ ಅಂತಾರೆ. ತಂಪು ಮಾಡುವ ಎಸಿ ಅಲ್ಲ, ಬೆವರಿಳಿಸುವ ಎಸಿ.

ಕೂಡಿಸುವ ಸಾಲನ್ನು ಮಾತ್ರ ಮರೆಯಬೇಡಿ. ಅಡ್ವಾನ್ಸ್ ಕಳೆಯುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಉದ್ರಿ ಕೂಡಿಸುವುದನ್ನು ಮರೆಯುತ್ತಾರೆ, ಯಾಕೆಂದರೆ ಅದು ಮೊತ್ತವನ್ನು ಕೆಡಿಸುತ್ತದೆ.

5. ಮೂರು ಸಂಖ್ಯೆಗಳನ್ನು ಪಕ್ಕಪಕ್ಕ ಇಡಿ

ಸೈಟಿನಲ್ಲಿ ಅಳೆದಾಗ ಕಂಡದ್ದು: ಪಾಯ, ಭರ್ತಿ, ಕಾಲಂ ಮೂರೂ ಮುಗಿದಿವೆ. ಗೋಡೆ 400 ಚದರ ಅಡಿ ಆಗಿದೆ, ಅಂದರೆ ಶೇ 25. ಪ್ಲಾನಿನ ಪ್ರಕಾರ ಶೇ 50 ಆಗಬೇಕಿತ್ತು.

| ಕೆಲಸ | ಆಗಬೇಕಿತ್ತು | ಆಗಿದೆ | ಖರ್ಚಾಗಿದೆ |
|---|---|---|---|
| ಪಾಯ | 3,60,000 | 3,60,000 | 3,95,000 |
| ಭರ್ತಿ | 40,000 | 40,000 | 40,000 |
| ಕಾಲಂ | 1,00,000 | 1,00,000 | 1,12,000 |
| ಗೋಡೆ | 1,00,000 | 50,000 | 58,000 |
| ಒಟ್ಟು | 6,00,000 | 5,50,000 | 6,05,000 |

ಮೊದಲ ಅಂಕಣ ಯೋಜಿತ ಮೌಲ್ಯ: ಇವತ್ತಿಗೆ ಎಷ್ಟು ಬೆಲೆಯ ಕೆಲಸ ಆಗಬೇಕಿತ್ತು. ನಡುವಿನದು ಗಳಿಕೆ: ಆಗಿರುವ ಕೆಲಸದ ಬೆಲೆ, ಮೂಲ ಬಜೆಟ್ ದರದಲ್ಲಿ. ಗೋಡೆಯ ಸಾಲು ನೋಡಿ. 58,000 ಖರ್ಚಾಗಿದ್ದರೂ ಗಳಿಕೆ 50,000 ಮಾತ್ರ, ಯಾಕೆಂದರೆ ಎರಡು ಲಕ್ಷದ ಶೇ 25 ಅಷ್ಟೇ. ಎಷ್ಟು ಖರ್ಚು ಮಾಡಿದರೂ ಗಳಿಕೆ ಏರುವುದಿಲ್ಲ. ಕೆಲಸ ಆದರೆ ಮಾತ್ರ ಏರುತ್ತದೆ.

ಹಾಗಾದರೆ ನಿಜಕ್ಕೂ ಆಗಿರುವುದು ಶೇ 55. ಎಪ್ಪತ್ತೂ ಅಲ್ಲ, ಎಪ್ಪತ್ತೆರಡೂ ಅಲ್ಲ.

ಎಕ್ಸೆಲ್‌ನಲ್ಲಿ ಮಾಡುವವರಿಗೆ: ಮೊದಲ ಸಾಲು ತಲೆಬರಹ, 2ರಿಂದ 8ನೇ ಸಾಲಿನವರೆಗೆ ಏಳು ಕೆಲಸ. B ಬಜೆಟ್, C ಇವತ್ತಿಗೆ ಆಗಬೇಕಿದ್ದ ಶೇಕಡಾ, D ಆಗಿರುವ ಶೇಕಡಾ, E ಖರ್ಚು. F ಮತ್ತು G ಅಂಕಣ ತಾನೇ ಬರುತ್ತದೆ. 9ನೇ ಸಾಲಿನಲ್ಲಿ ಪ್ರತಿ ಅಂಕಣದ ಮೊತ್ತ ಹಾಕಿ, C ಮತ್ತು D ಬಿಟ್ಟು.

```
F2:  =B2*C2
G2:  =B2*D2
G9:  =SUM(G2:G8)
B11: =G9/F9
B12: =G9/E9
B13: =B9/B12
```

F2, G2 ಸೂತ್ರಗಳನ್ನು 8ನೇ ಸಾಲಿನವರೆಗೆ ಎಳೆಯಿರಿ. B11 ಸಮಯದ ಅನುಪಾತ, B12 ಖರ್ಚಿನ ಅನುಪಾತ, B13 ಹೀಗೇ ನಡೆದರೆ ಕೊನೆಗೆ ಆಗುವ ಒಟ್ಟು ಖರ್ಚು. C ಮತ್ತು D ಅಂಕಣದಲ್ಲಿ 25 ಅಂತ ಹೊಡೆಯಬೇಡಿ, 25% ಅಂತ ಚಿಹ್ನೆ ಸಮೇತ ಹೊಡೆಯಿರಿ. ಇಲ್ಲದಿದ್ದರೆ ಗೋಡೆಯ ಗಳಿಕೆ ಐವತ್ತು ಲಕ್ಷ ತೋರಿಸುತ್ತದೆ.

6. ಸಮಯ: ರೂಪಾಯಿಯಲ್ಲಿ ಬೇಡ, ವಾರದಲ್ಲಿ ಓದಿ

ಗಳಿಕೆಯನ್ನು ಯೋಜಿತ ಮೌಲ್ಯದಿಂದ ಭಾಗಿಸಿ. 5.50 ಭಾಗಿಸು 6.00, ಅಂದರೆ 0.92. ಒಂದಕ್ಕಿಂತ ಕಡಿಮೆ ಇದ್ದರೆ ಹಿಂದೆ ಬಿದ್ದಿದ್ದೀರಿ. ಇದಕ್ಕೆ ಎಸ್‌ಪಿಐ ಅನ್ನುತ್ತಾರೆ.

ಆದರೆ "ನಾವು ಐವತ್ತು ಸಾವಿರ ರೂಪಾಯಿಯಷ್ಟು ತಡ" ಅಂದರೆ ಮನೆಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ನನಗೂ ಆಗುವುದಿಲ್ಲ. ಅದಕ್ಕಿಂತ ಸುಲಭ ದಾರಿ ಇದೆ. 2ನೇ ಹಂತದಲ್ಲಿ ಬರೆದ ಬೇಸ್‌ಲೈನ್ ಸಾಲು ತೆಗೆಯಿರಿ. 5.50 ಲಕ್ಷ ಯಾವ ವಾರಕ್ಕೆ ಆಗಬೇಕಿತ್ತು? 9ನೇ ವಾರಕ್ಕೆ. ನಾವು ಇರುವುದು 10ರಲ್ಲಿ. ಒಂದು ವಾರ ತಡ. ಮುಗಿಯಿತು.

ಇನ್ನು ಉಳಿದಿರುವುದು ಪ್ಲಾನಿನ ಪ್ರಕಾರ ಆರು ವಾರದ ಕೆಲಸ. ಇನ್ನು ಮುಂದೆ ಪ್ಲಾನಿನ ವೇಗದಲ್ಲೇ ಹೋದರೆ ಮೋಲ್ಡ್ 16ನೇ ವಾರ. ಇದುವರೆಗಿನ ವೇಗದಲ್ಲೇ ಹೋದರೆ, ಅಂದರೆ ಹತ್ತು ವಾರಕ್ಕೆ ಒಂಬತ್ತು ವಾರದ ಕೆಲಸ, ಆರು ವಾರದ್ದಕ್ಕೆ ಏಳು ವಾರ ಹತ್ತಿರ ಹತ್ತಿರ ಬೇಕು. ಆಗ 17ನೇ ವಾರ.

ಎರಡರಲ್ಲಿ ಯಾವುದು? ಡೈರಿ ನೋಡಬೇಕು. ಈ ಸೈಟಿನಲ್ಲಿ ಪಾಯದ ಕೆಳಗೆ ಯಾವಾಗಲೋ ಗುಂಡಿ ಮುಚ್ಚಿದ್ದ ಸಡಿಲ ಮಣ್ಣು ಸಿಕ್ಕಿತು. ಗಟ್ಟಿ ನೆಲ ಸಿಗುವ ತನಕ ಇನ್ನೂ ಆಳ ಅಗೆದರು. ಪಾಯಕ್ಕೆ ಐದು ವಾರದ ಬದಲು ಆರು ವಾರ ಹಿಡಿಯಿತು. ಆಮೇಲೆ ಭರ್ತಿ ಒಂದು ವಾರ, ಕಾಲಂ ಎರಡು ವಾರ, ಗೋಡೆಯ ಮೊದಲ ಕಾಲು ಭಾಗ ಒಂದು ವಾರ. ಎಲ್ಲವೂ ಪ್ಲಾನಿನ ವೇಗವೇ. ಅಂದರೆ ತಡ ಆಗಿದ್ದು ಒಂದೇ ಸಲ. 16ನೇ ವಾರ ಅಂತ ಹೇಳುವುದು ನ್ಯಾಯ.

ಇದಕ್ಕೊಂದು ಎಚ್ಚರಿಕೆ. ರೂಪಾಯಿಯ ಎಸ್‌ಪಿಐ ಕೊನೆಕೊನೆಗೆ ಸುಳ್ಳು ಹೇಳುತ್ತದೆ. ಮೋಲ್ಡ್ 20ನೇ ವಾರಕ್ಕೆ ಆದರೂ ಅವತ್ತು ಗಳಿಕೆ ಹತ್ತು ಲಕ್ಷ, ಯೋಜಿತ ಮೌಲ್ಯವೂ ಹತ್ತು ಲಕ್ಷ. ಭಾಗಿಸಿದರೆ ಸರಿಯಾಗಿ ಒಂದು! ಐದು ವಾರ ತಡವಾದದ್ದು ಎಲ್ಲೂ ಕಾಣುವುದಿಲ್ಲ. ಅದಕ್ಕೇ ವಾರದಲ್ಲಿ ಓದಿ ಅಂದದ್ದು.

ಇನ್ನು ಸಂಪಿನ ವಿಷಯ. ಗಾರೆಯವರು ಬಾರದ ವಾರ ಮೇಸ್ತ್ರಿ ಸುಮ್ನೆ ಕೂರುವುದಿಲ್ಲ. ಇರುವ ಆಳುಗಳಿಂದ ಸಂಪು ಅಗೆಸುತ್ತಾರೆ. ಸಂಪು ನಿಮ್ಮ ಪಟ್ಟಿಯಲ್ಲಿದ್ದರೆ ಗಳಿಕೆ ಏರುತ್ತದೆ, ಅನುಪಾತ ಚೆನ್ನಾಗಿ ಕಾಣುತ್ತದೆ. ಗೋಡೆ ಮಾತ್ರ ಅಲ್ಲೇ ಇರುತ್ತದೆ, ಮೋಲ್ಡಿನ ದಿನ ಜಾರುತ್ತಿರುತ್ತದೆ. ಈ ಲೆಕ್ಕಕ್ಕೆ ಯಾವ ಕೆಲಸ ಯಾವುದನ್ನು ತಡೆದು ನಿಂತಿದೆ ಅನ್ನುವುದು ಗೊತ್ತಾಗುವುದಿಲ್ಲ. ಎಲ್ಲ ರೂಪಾಯಿಯೂ ಅದಕ್ಕೆ ಒಂದೇ.

7. ಖರ್ಚು: ಒಟ್ಟು ಮೊತ್ತಕ್ಕೆ ನಿಲ್ಲಬೇಡಿ, ಸಾಲು ಸಾಲು ನೋಡಿ

ಗಳಿಕೆಯನ್ನು ಖರ್ಚಿನಿಂದ ಭಾಗಿಸಿ. 5.50 ಭಾಗಿಸು 6.05, ಅಂದರೆ 0.91. ನೀವು ಹಾಕಿದ ಪ್ರತಿ ರೂಪಾಯಿಗೆ 91 ಪೈಸೆಯ ಕೆಲಸ ಸಿಕ್ಕಿದೆ. ಇದು ಸಿಪಿಐ. ಹೀಗೇ ನಡೆದರೆ ಹತ್ತು ಲಕ್ಷದ ಕೆಲಸಕ್ಕೆ ಹತ್ತಿರ ಹತ್ತಿರ 11 ಲಕ್ಷ.

ಇಲ್ಲಿ ಮೇಸ್ತ್ರಿ ಒಂದು ಮಾತು ಹೇಳುತ್ತಾರೆ. "ಅದೆಲ್ಲ ಪಾಯದ್ದು ಸಾರ್. ಮಣ್ಣು ಸರಿ ಇರಲಿಲ್ಲ. ಇನ್ನು ಮುಂದೆ ಜಾಸ್ತಿ ಆಗಲ್ಲ." ಅವರ ಮಾತು ನಿಜವಾಗಿದ್ದರೆ ಲೆಕ್ಕ ಬೇರೆ: ಇಲ್ಲಿವರೆಗಿನ 6.05, ಉಳಿದ ಕೆಲಸದ ಬಜೆಟ್ 4.50. ಒಟ್ಟು 10.55 ಲಕ್ಷ. ಹನ್ನೊಂದಕ್ಕೆ ಹೋಲಿಸಿದರೆ ಸಮಾಧಾನದ ಮೊತ್ತ. ಸಮಯದ ಲೆಕ್ಕದಲ್ಲಿ ಇದೇ ಮಾತು ನಿಜವಾಗಿತ್ತು ಬೇರೆ.

ಆದರೆ ಕೋಷ್ಟಕವನ್ನು ಸಾಲು ಸಾಲಾಗಿ ಓದಿ. ಪಾಯದಲ್ಲಿ 35,000 ಜಾಸ್ತಿ ಆಯಿತು, ಸರಿ, ಅದು ಮಣ್ಣಿನ ಕೆಲಸ, ಮತ್ತೆ ಬರುವುದಿಲ್ಲ. ಕಾಲಂನಲ್ಲಿ ಯಾಕೆ 12,000 ಜಾಸ್ತಿ? ಗೋಡೆಯಲ್ಲಿ ಯಾಕೆ 8,000? ಅಲ್ಲಿ ಮಣ್ಣು ಇಲ್ಲ. ಬಿಲ್ಲು ತೆಗೆದು ನೋಡಿದರೆ ಕಂಬಿಯ ದರ, ಬ್ಲಾಕಿನ ದರ ಎಸ್ಟಿಮೇಟಿಗಿಂತ ಮೇಲಿದೆ. ಮೊತ್ತ ಸಣ್ಣದು ಅಂತ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ.

ಈ ಎರಡು ಸಾಲನ್ನು ಮಾತ್ರ ತೆಗೆದುಕೊಳ್ಳಿ. 1.50 ಲಕ್ಷದ ಕೆಲಸಕ್ಕೆ 1.70 ಲಕ್ಷ ಖರ್ಚಾಗಿದೆ. ಉಳಿದ 4.50 ಲಕ್ಷದ ಕೆಲಸದಲ್ಲೂ ಬಹುಪಾಲು ಕಂಬಿ, ಬ್ಲಾಕು, ಸಿಮೆಂಟೇ. ಅದೇ ದರದಲ್ಲಿ ಹೋದರೆ 4.50 ಲಕ್ಷದ್ದು 5.10 ಲಕ್ಷವಾಗುತ್ತದೆ. ಒಟ್ಟು 11.15 ಲಕ್ಷ. ಮೇಸ್ತ್ರಿ ಹೇಳಿದ 10.55ಕ್ಕಿಂತ ಅರವತ್ತು ಸಾವಿರ ಜಾಸ್ತಿ, ಸೂತ್ರ ಕೊಟ್ಟ ಹನ್ನೊಂದಕ್ಕಿಂತಲೂ ಜಾಸ್ತಿ. ಸೂತ್ರಕ್ಕೆ ಯಾಕೆ ಕಡಿಮೆ ಬಂತು? ಬಜೆಟ್ಟಿನಲ್ಲೇ ಮುಗಿದ ಭರ್ತಿಯನ್ನು, ದರ ಏರುವ ಮುಂಚಿನ ಪಾಯವನ್ನು ಅದು ಸರಾಸರಿಯಲ್ಲಿ ಬೆರೆಸಿಬಿಟ್ಟಿತು.

ಹೀಗಾಗಿ ಈ ಸೈಟಿಗೆ ನನ್ನ ಉತ್ತರ: 16ನೇ ವಾರ, 11.15 ಲಕ್ಷ. ತಡಕ್ಕೆ ಪಾಯ ಕಾರಣ ಅನ್ನುವುದು ನಿಜ, ಖರ್ಚಿಗೆ ಅದು ಒಂದು ಪಾಲು ಕಾರಣ ಮಾತ್ರ. ಇನ್ನೊಂದು ತಿದ್ದುಪಡಿಯೂ ಆಗಬಹುದು. ಟಾರ್ಪಾಲಿನ ಕೆಳಗಿರುವ 90,000ದ ಕಂಬಿಯನ್ನು ಯಾವ ದರಕ್ಕೆ ತಂದಿರಿ ಅಂತ ಬಿಲ್ಲು ನೋಡಿ. ಹಳೆಯ ದರಕ್ಕೆ ತಂದಿದ್ದರೆ ಆ ಭಾಗಕ್ಕೆ ಏರಿಕೆ ಹಾಕುವುದು ಬೇಡ.

8. ನಡುವೆ ಹೊಸ ಕೆಲಸ ಸೇರಿದರೆ

ಗೋಡೆ ಏಳುವಾಗ ಮನೆಯವರಿಗೆ ಹೊಸ ಆಸೆಗಳು ಹುಟ್ಟುತ್ತವೆ. ಅಡುಗೆಮನೆಗೆ ಒಂದು ಲಾಫ್ಟ್, ಮುಂದುಗಡೆ ಪೋರ್ಟಿಕೋ ಇನ್ನೆರಡು ಅಡಿ. ಮಾಡಿಸಿ, ನಿಮ್ಮ ಮನೆ. ಆದರೆ ಅದರ ಖರ್ಚನ್ನು ಹಳೆಯ ಸಾಲುಗಳಲ್ಲಿ ಸುರಿಯಬೇಡಿ. ಖರ್ಚು ಏರಿ ಗಳಿಕೆ ಅಷ್ಟೇ ಉಳಿಯುತ್ತದೆ, ಮೇಸ್ತ್ರಿಯ ಕೆಲಸ ಕೆಟ್ಟದಾಗಿ ಕಾಣುತ್ತದೆ. ಹೊಸ ಸಾಲು ಬರೆಯಿರಿ: ಲಾಫ್ಟ್, ಬಜೆಟ್ ಇಷ್ಟು, ಯಾವ ವಾರ, ಯಾರು ಒಪ್ಪಿದ್ದು. ಒಟ್ಟು ಬಜೆಟ್ ಆಗ ಹತ್ತು ಲಕ್ಷ ಅಲ್ಲ, ಹತ್ತು ಲಕ್ಷದ ಮೇಲೆ ಲಾಫ್ಟು.

ಪಾಯ ಆಳ ಹೋದದ್ದನ್ನೂ ಹೀಗೆ ಹೊಸ ಸಾಲು ಮಾಡಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಮಾಡಬಾರದು ಅಂತೇನಿಲ್ಲ. ಆದರೆ ನನ್ನ ಅಭಿಪ್ರಾಯದಲ್ಲಿ ಬೇಡ. ನೀವು ಬಯಸಿ ಸೇರಿಸಿದ್ದು ಹೊಸ ಕೆಲಸ. ಎಸ್ಟಿಮೇಟ್ ತಪ್ಪಿದ್ದು ಎಸ್ಟಿಮೇಟ್ ತಪ್ಪಿದ್ದೇ. ಅದನ್ನೂ ಬಜೆಟ್ಟಿಗೆ ಸೇರಿಸುತ್ತಾ ಹೋದರೆ ಎಲ್ಲ ವಾರವೂ ಅನುಪಾತ 1 ಅಂತಲೇ ಬರುತ್ತದೆ, ಆಗ ಲೆಕ್ಕ ಇಡುವುದು ಯಾಕೆ?

ಚದರಕ್ಕೆ ಇಷ್ಟು ಅಂತ ಪೂರ್ತಿ ಗುತ್ತಿಗೆ ಕೊಟ್ಟಿದ್ದರೆ

ಸಾಮಾನು ಸಮೇತ ಚದರಕ್ಕೆ ಇಷ್ಟು ಅಂತ ಮಾತಾಗಿದ್ದರೆ ದರ ಏರಿಕೆಯ ನಷ್ಟ ಗುತ್ತಿಗೆದಾರರದ್ದು, ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ. ಅವರಿಗೆ ನಿಜಕ್ಕೂ ಎಷ್ಟು ಖರ್ಚಾಯಿತು ಅನ್ನುವುದು ನಿಮಗೆ ಗೊತ್ತಾಗುವುದೂ ಇಲ್ಲ. ಹಾಗಾಗಿ ನಿಮಗೆ 7ನೇ ಹಂತ ಬೇಡ. ಅದರ ಬದಲು ಒಂದೇ ಹೋಲಿಕೆ ಮಾಡಿ: ನೀವು ಕೊಟ್ಟಿರುವ ದುಡ್ಡು ಮತ್ತು ಗಳಿಕೆ.

ಕೊಟ್ಟಿರುವುದು 7.20 ಲಕ್ಷ, ಗಳಿಕೆ 5.50 ಲಕ್ಷ ಆದರೆ 1.70 ಲಕ್ಷ ನಿಮ್ಮ ದುಡ್ಡು ಅವರ ಹತ್ತಿರ ಇದೆ. ಅದಕ್ಕೆ ಎದುರಾಗಿ ಸೈಟಿನಲ್ಲಿ ಏನು ಬಿದ್ದಿದೆ ನೋಡಿ. ಕಂಬಿ ಇದ್ದರೆ ಅಷ್ಟು ಧೈರ್ಯ. ಏನೂ ಇಲ್ಲದಿದ್ದರೆ ಮುಂದಿನ ಕಂತು ಕೊಡುವ ಮುಂಚೆ ಗೋಡೆ ಏರಲಿ ಅಂತ ಹೇಳಿ. ಗುತ್ತಿಗೆದಾರರು ಅರ್ಧಕ್ಕೆ ಬಿಟ್ಟು ಹೋದ ಮನೆಗಳಲ್ಲಿ ಈ ಅಂತರ ಸಾಮಾನ್ಯವಾಗಿ ವಾರಗಳ ಮುಂಚೆಯೇ ದೊಡ್ಡದಾಗುತ್ತಾ ಬಂದಿರುತ್ತದೆ.

9. ಮುಂದಿನ ಶನಿವಾರಗಳು

ಒಂದು ವಾರದ ಸಂಖ್ಯೆ ನೋಡಿ ಯಾರ ಮೇಲೂ ರೇಗಬೇಡಿ. ಮೊದಲ ಎರಡು ಮೂರು ವಾರ ಅನುಪಾತಗಳು ಎಗರಾಡುತ್ತವೆ, ಕೆಲಸವೇ ಸ್ವಲ್ಪ ಆಗಿರುತ್ತದೆ. ಮೂರು ವಾರ ಸತತವಾಗಿ ಒಂದೇ ಕಡೆ ವಾಲಿದರೆ ಆಗ ಕೂತು ಮಾತಾಡಿ.

ಸೊನ್ನೆ ಇಲ್ಲ ನೂರು ನಿಯಮದಿಂದ 13ನೇ ವಾರದ ಮೇಲೆ ಒಂದು ವಿಚಿತ್ರ ಕಾಣುತ್ತದೆ. ಸೆಂಟ್ರಿಂಗ್ ಮುಕ್ಕಾಲು ಆಗಿದ್ದರೂ ಗಳಿಕೆ ಸೊನ್ನೆ. ಆ ಶನಿವಾರ ಭಾರಿ ಹಿಂದೆ ಬಿದ್ದ ಹಾಗೆ ಕಂಡು, ಮರುವಾರ ಒಮ್ಮೆಲೇ ಜಿಗಿಯುತ್ತದೆ. ಗಾಬರಿ ಬೇಡ, ನಿಯಮವನ್ನೂ ಬದಲಾಯಿಸಬೇಡಿ. ಕಾಂಕ್ರೀಟ್ ಹಾಕುವ ದಿನಕ್ಕೆ ಮಿಕ್ಸರ್, ಲಿಫ್ಟ್, ಆಳು ಎಲ್ಲ ಮೊದಲೇ ಹೇಳಿಡಬೇಕಾಗುತ್ತದೆ. ಆಗ 'ಮುಕ್ಕಾಲು ಆದ ಸೆಂಟ್ರಿಂಗ್' ಯಾವ ಉಪಯೋಗಕ್ಕೂ ಬರುವುದಿಲ್ಲ.

ಮೋಲ್ಡ್ ಆದ ಶನಿವಾರ ಕೊನೆಯ ಸಾಲು ಬರೆಯುವಾಗ ಸೆಂಟ್ರಿಂಗ್ ಬಾಡಿಗೆ ಮರೆಯಬೇಡಿ. ಮೈಲಿಗಲ್ಲು ಮುಗಿದರೂ ಬಾಡಿಗೆ ಓಡುತ್ತಲೇ ಇರುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಸಾಮಾನ್ಯ ಓಪಿಸಿ ಸಿಮೆಂಟಿಗೆ, ಸ್ಲ್ಯಾಬಿನ ಹರವು 4.5 ಮೀಟರ್‌ವರೆಗೆ ಇದ್ದರೆ ಕೆಳಗಿನ ಸಪೋರ್ಟ್ ಕನಿಷ್ಠ 7 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ ಬಿಡಬೇಕು. ಬೀಮಿನ ಕೆಳಗೆ 6 ಮೀಟರ್‌ವರೆಗೂ 14 ದಿನ. ಪಿಪಿಸಿ ಬಳಸಿದ್ದರೆ ಇಂಜಿನಿಯರ್ ಹೇಳಿದಷ್ಟು. ಈ ದಿನಗಳ ಬಾಡಿಗೆ ಸೆಂಟ್ರಿಂಗಿನ 80,000 ಒಳಗೇ ಇದೆಯಾ, ಬೇರೆಯಾ ಅನ್ನುವುದನ್ನು ಅಡ್ವಾನ್ಸ್ ಕೊಟ್ಟ ದಿನದ ಚೀಟಿಯಲ್ಲೇ ಬರೆಸಿಕೊಂಡಿರಬೇಕು. ಬರೆಸಿಕೊಂಡಿಲ್ಲದಿದ್ದರೆ ಇವತ್ತೇ ಫೋನ್ ಮಾಡಿ ಕೇಳಿ, ಅವರು ಇನ್ನೂ ಹಲಗೆ ತಂದಿಲ್ಲ.